ಅಪ್ರೂವಲ್ ಕಡಿಮೆ ಬಂದಾಗ ಆಸ್ಪತ್ರೆಯ ಬಿಲ್ ಓದುವುದು ಹೇಗೆ?

ಡಿಸ್ಚಾರ್ಜ್ ಮಾಡಬಹುದು ಎಂದು ಡಾಕ್ಟ್ರು ಬೆಳಿಗ್ಗೆಯೇ ಹೇಳಿ ಹೋಗಿರುತ್ತಾರೆ. ಬಟ್ಟೆಬರೆ ಕಟ್ಟಿಯಾಗಿರುತ್ತದೆ, ಕಡಬಕ್ಕೋ ಪಂಜಕ್ಕೋ ಹೋಗಲು ಗಾಡಿಗೆ ಹೇಳಿಯೂ ಆಗಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಬಿಲ್ಲಿಂಗ್ ಕೌಂಟರಿನಿಂದ ಕರೆ ಬರುತ್ತದೆ.

"ಅಣ್ಣಾ, ಬಿಲ್ ಆದದ್ದು 1,41,000. ಇನ್ಶೂರೆನ್ಸಿನಿಂದ ಅಪ್ರೂವಲ್ ಬಂದದ್ದು 1,02,900. ಬಾಕಿ 38,100 ನೀವು ಕಟ್ಟಬೇಕಾಗ್ತದೆ."

"ಮೂರು ಲಕ್ಷದ ಪಾಲಿಸಿ ಉಂಟಲ್ಲ ಮಾರಾಯ್ರೆ, ಮತ್ತೆ ಯಾಕೆ ಕಡಿಮೆ?"

"ಅದು ಅವರು ಕಟ್ ಮಾಡಿದ್ದು. ನಮ್ಮದೇನಿಲ್ಲ."

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಕ್ಯಾಶ್‌ಲೆಸ್ ಕಾರ್ಡ್ ಇರುವವರಲ್ಲಿ ಹಲವರು ಈ ಮಾತುಕತೆಯನ್ನು ಒಮ್ಮೆಯಾದರೂ ಆಡಿರುತ್ತಾರೆ. ಆಮೇಲೆ ಏನಾಗುತ್ತದೆ ಎಂಬುದೂ ಗೊತ್ತಿದ್ದದ್ದೇ. ಊರಿಗೆ ಫೋನ್ ಹೋಗುತ್ತದೆ, ಯಾರೋ ಗೂಗಲ್ ಪೇ ಮಾಡುತ್ತಾರೆ, ದುಡ್ಡು ಕಟ್ಟಿ ರೋಗಿಯನ್ನು ಕರೆದುಕೊಂಡು ಹೋಗುತ್ತಾರೆ. ಆ 38,100 ರೂಪಾಯಿ ಏಕೆ ಬಂತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕೇಳಲೇಬೇಕು. ಏಕೆಂದರೆ ಅದು ಒಂದೇ ಮೊತ್ತವಲ್ಲ. ಅದರಲ್ಲಿ ಒಂದು ಪಾಲು ನಿಜವಾಗಿ ನಿಮ್ಮದು, ಇನ್ನೊಂದು ಪಾಲು ಆಸ್ಪತ್ರೆಯೇ ಬಿಡಬೇಕಾದದ್ದು, ಮತ್ತೊಂದು ಪಾಲು ವಿಮಾ ಕಂಪೆನಿ ತಪ್ಪಾಗಿ ಕಡಿದಿರಬಹುದಾದದ್ದು. ಈ ಮೂರನ್ನು ಬೇರೆ ಬೇರೆ ಮಾಡುವ ಬಗೆಯನ್ನು ಮೇಲಿನ ಬಿಲ್ಲನ್ನೇ ಇಟ್ಟುಕೊಂಡು ನೋಡೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಕಟ್ಟಿಕೊಂಡದ್ದು. ಸಾಲುಗಳು ಮಾತ್ರ ನಿಜವಾದ ಬಿಲ್ಲುಗಳಲ್ಲಿ ಇರುವಂಥವೇ.

ಮೊದಲಿಗೇ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮತ್ತು ಸಹಕಾರ ಸಂಘದ ಸದಸ್ಯರ ಯಶಸ್ವಿನಿ ಯೋಜನೆಗಳ ಕ್ರಮ ಬೇರೆ. ಅಲ್ಲಿ ಚಿಕಿತ್ಸೆಗೆ ಇಂತಿಷ್ಟು ಎಂದು ಪ್ಯಾಕೇಜ್ ದರ ಇರುತ್ತದೆ. ಇಲ್ಲಿ ಹೇಳುವುದು ವಿಮಾ ಕಂಪೆನಿಗಳ ಪಾಲಿಸಿಗೆ ಮಾತ್ರ. ಅದು ನೀವೇ ಮಾಡಿಸಿದ್ದಿರಬಹುದು, ಬ್ಯಾಂಕ್ ಅಥವಾ ಸಂಘದ ಮೂಲಕ ಬಂದ ಗುಂಪು ಪಾಲಿಸಿಯೂ ಇರಬಹುದು.

ಕಡಿತ ಎಲ್ಲಿಂದ ಬರುತ್ತದೆ?

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬಿದ್ದು ತಾಯಿಯ ಮೊಣಕಾಲಿನ ಕೆಳಗಿನ ಎಲುಬು ಮುರಿದಿದೆ ಎಂದಿಟ್ಟುಕೊಳ್ಳಿ. ಆಪರೇಶನ್ ಮಾಡಿ ಪ್ಲೇಟ್, ಸ್ಕ್ರೂ ಹಾಕಿದ್ದಾರೆ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಪಾಲಿಸಿ ಮೂರು ಲಕ್ಷದ್ದು, ರೂಮ್ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ. 1 ಎಂಬ ಮಿತಿ ಇದೆ, ಅಂದರೆ 3,000 ರೂಪಾಯಿ. ನೋಡಿಕೊಳ್ಳುವವರಿಗೂ ಮಲಗಲು ಜಾಗ ಬೇಕೆಂದು ಮನೆಯವರು 4,000 ರೂಪಾಯಿಯ ಸ್ಪೆಷಲ್ ರೂಮ್ ತೆಗೆದುಕೊಂಡರು. ದಿನಕ್ಕೆ ಸಾವಿರ ಹೆಚ್ಚು, ನಾಲ್ಕು ದಿನಕ್ಕೆ ನಾಲ್ಕು ಸಾವಿರ ತಾನೇ ಎಂಬುದು ಅವರ ಎಣಿಕೆ. ಹೆಚ್ಚಿನ ಮನೆಗಳಲ್ಲಿ ಲೆಕ್ಕ ತಪ್ಪುವುದು ಇಲ್ಲೇ.

ಅನೇಕ ಆಸ್ಪತ್ರೆಗಳಲ್ಲಿ ರೂಮ್ ದೊಡ್ಡದಾದಂತೆ ಸರ್ಜನ್ ಫೀಸ್, ಅರಿವಳಿಕೆ ಡಾಕ್ಟರ ಫೀಸ್, ಆಪರೇಶನ್ ಥಿಯೇಟರ್ ಚಾರ್ಜ್, ಡಾಕ್ಟರ ವಿಸಿಟ್ ಎಲ್ಲವೂ ಏರುತ್ತವೆ. ಒಂದೇ ಆಪರೇಶನ್‌ಗೆ ಜನರಲ್ ವಾರ್ಡಿನವರಿಗೆ ಒಂದು ದರ, ಸ್ಪೆಷಲ್ ರೂಮಿನವರಿಗೆ ಇನ್ನೊಂದು. ರೂಮಿನ ಮಿತಿ ಮೀರಿದ್ದರಿಂದ ಹೆಚ್ಚಾದ ಈ ಫೀಸುಗಳನ್ನೂ ತಾನೇಕೆ ಕೊಡಬೇಕು ಎಂಬುದು ವಿಮಾ ಕಂಪೆನಿಯ ವಾದ. ಆದ್ದರಿಂದ ಮಿತಿಗೂ ನಿಜವಾದ ಬಾಡಿಗೆಗೂ ಇರುವ ಪ್ರಮಾಣದಲ್ಲೇ ಆ ಫೀಸುಗಳನ್ನು ಕೊಡುತ್ತದೆ. 4,000ಕ್ಕೆ 3,000 ಎಂದರೆ ಮುಕ್ಕಾಲು ಪಾಲು. ಬಿಲ್ಲಿಂಗ್‌ನವರು ಇದನ್ನು 'ಪ್ರೊಪೋರ್ಷನೇಟ್ ಡಿಡಕ್ಷನ್' ಎನ್ನುತ್ತಾರೆ.

ಆದರೆ ಈ ಕಡಿತಕ್ಕೆ ಗೆರೆ ಇದೆ. 2020ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಹಾಕಿಕೊಟ್ಟಿತು. ಮದ್ದು ಮತ್ತು ಬಳಸಿ ಬಿಸಾಡುವ ವೈದ್ಯಕೀಯ ಸಾಮಗ್ರಿ, ದೇಹದೊಳಗೆ ಹಾಕುವ ಪ್ಲೇಟ್, ಸ್ಕ್ರೂ, ಸ್ಟೆಂಟ್‌ನಂಥ ಇಂಪ್ಲಾಂಟ್, ರಕ್ತಪರೀಕ್ಷೆ–ಎಕ್ಸ್‌ರೇ–ಸ್ಕ್ಯಾನಿಂಗ್, ಇವುಗಳ ಮೇಲೆ ಈ ಪ್ರಮಾಣದ ಕಡಿತ ಮಾಡುವಂತಿಲ್ಲ. ಐಸಿಯು ಚಾರ್ಜಿಗೂ ಇದು ಅನ್ವಯಿಸುವುದಿಲ್ಲ. ಇನ್ನೂ ಮುಖ್ಯವಾದದ್ದು, ರೂಮಿಗೆ ತಕ್ಕಂತೆ ದರ ಬದಲಾಗದ ಆಸ್ಪತ್ರೆಯಲ್ಲಿ, ಅಥವಾ ಹಾಗೆ ಬದಲಾಗದ ಬಾಬ್ತಿನ ಮೇಲೆ, ಈ ಕಡಿತವನ್ನೇ ಮಾಡುವಂತಿಲ್ಲ. ನಿಮ್ಮ ಪಾಲಿಸಿ ಪುಸ್ತಕದಲ್ಲಿ 'ಅಸೋಸಿಯೇಟೆಡ್ ಮೆಡಿಕಲ್ ಎಕ್ಸ್‌ಪೆನ್ಸಸ್' ಎಂಬಲ್ಲಿ ಇದು ಅಚ್ಚಾಗಿರುತ್ತದೆ. ನೋಡಿಕೊಳ್ಳಿ.

ಎರಡನೆಯ ಕಡಿತ ಸಣ್ಣ ಸಣ್ಣ ಸಾಮಾನುಗಳದ್ದು. ಪಾಲಿಸಿಯ ಕೊನೆಯ ಅನುಬಂಧದಲ್ಲಿ ನಾಲ್ಕು ಪಟ್ಟಿಗಳಿರುತ್ತವೆ. ಮೊದಲನೆಯದರಲ್ಲಿ 68 ಬಾಬ್ತುಗಳಿವೆ. ಗ್ಲೌಸ್, ಮಾಸ್ಕ್, ಡಯಾಪರ್, ಕ್ರೇಪ್ ಬ್ಯಾಂಡೇಜ್, ಇಸಿಜಿ ಎಲೆಕ್ಟ್ರೋಡ್, ಮೊಣಕಾಲಿನ ಬ್ರೇಸ್, ವಾಕರ್, ಬೈಸ್ಟ್ಯಾಂಡರ್ ಊಟ, ಹೀಗೆ. ಇವಕ್ಕೆ ಪ್ರತ್ಯೇಕ ರೈಡರ್ ಮಾಡಿಸದಿದ್ದರೆ ವಿಮೆ ಸಿಗುವುದಿಲ್ಲ, ರೋಗಿಯ ಮನೆಯವರೇ ಕೊಡಬೇಕು. ಉಳಿದ ಮೂರು ಪಟ್ಟಿಗಳ ಕಥೆ ಬೇರೆ. ಫೈಲ್ ಚಾರ್ಜ್, ಡಿಸ್ಚಾರ್ಜ್ ಚಾರ್ಜ್, ಡಾಕ್ಯುಮೆಂಟೇಶನ್, ಹೌಸ್‌ಕೀಪಿಂಗ್, ಎಸಿ, ಪಲ್ಸ್ ಆಕ್ಸಿಮೀಟರ್ ಇವೆಲ್ಲ ರೂಮ್ ಬಾಡಿಗೆಯೊಳಗೇ ಸೇರಿವೆ ಎಂದು ಎರಡನೆಯ ಪಟ್ಟಿ ಹೇಳುತ್ತದೆ. ಹತ್ತಿ, ಗಾಜ್, ಸರ್ಜಿಕಲ್ ಬ್ಲೇಡ್, ಎಕ್ಸ್‌ರೇ ಫಿಲ್ಮ್‌ಗಳು ಆಪರೇಶನ್ ಅಥವಾ ಪ್ರೊಸೀಜರ್ ಚಾರ್ಜಿನೊಳಗೆ. ರಿಜಿಸ್ಟ್ರೇಶನ್, ಯೂರಿನ್ ಬ್ಯಾಗ್, ಇನ್‌ಫ್ಯೂಶನ್ ಪಂಪ್ ಚಿಕಿತ್ಸೆಯ ಖರ್ಚಿನೊಳಗೆ. ಅಂದರೆ ಇವು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬಂದರೆ ಅದೇ ಖರ್ಚನ್ನು ಎರಡು ಸಲ ಹಾಕಿದಂತೆ. ವಿಮಾ ಕಂಪೆನಿ ಇವನ್ನು ಕಡಿದಾಗ ಆ ಮೊತ್ತ ನೇರವಾಗಿ ನಿಮ್ಮ ತಲೆಗೆ ಬರಬೇಕಾಗಿಲ್ಲ.

ಮೂರನೆಯದು ಕೋ-ಪೇ. ಹಿರಿಯರ ಪಾಲಿಸಿಗಳಲ್ಲಿ ಸಾಮಾನ್ಯ. ಒಪ್ಪಿದ ಮೊತ್ತದಲ್ಲಿ ಇಂತಿಷ್ಟು ಶೇಕಡಾ ನಿಮ್ಮದು ಎಂದು ಮೊದಲೇ ಬರೆದಿದ್ದರೆ ಅದಕ್ಕೆ ವಾದವಿಲ್ಲ. ನಮ್ಮ ಉದಾಹರಣೆಯಲ್ಲಿ ಅದಿಲ್ಲ.

ಕೌಂಟರಿನಲ್ಲಿ ಮಾಡಬೇಕಾದ್ದು

1. ಬಂದದ್ದು ಅಂತಿಮ ಅಪ್ರೂವಲ್ ಹೌದೇ ಎಂದು ಕೇಳಿ. ಅಡ್ಮಿಶನ್ ಆದಾಗ ಬರುವ ಮೊದಲ ಅಪ್ರೂವಲ್ ಅಂದಾಜಿನದ್ದು, ಮೊತ್ತ ಸಣ್ಣದೇ ಇರುತ್ತದೆ. ಕೊನೆಯ ಬಿಲ್ ಕಳಿಸಿದ ಮೇಲೆ ಬರುವುದೇ ಅಂತಿಮ. ಕೆಲವೊಮ್ಮೆ ಕಂಪೆನಿ ಅಥವಾ ಟಿಪಿಎ ಒಂದು ಕ್ವೆರಿ ಹಾಕಿರುತ್ತದೆ, ಅದಕ್ಕೆ ಆಸ್ಪತ್ರೆಯಿಂದ ಉತ್ತರ ಹೋಗಿರುವುದಿಲ್ಲ, ಅಷ್ಟರವರೆಗಿನ ಮೊತ್ತ ಮಾತ್ರ ಪಾಸಾಗಿರುತ್ತದೆ. ಎಲುಬಿನ ಆಪರೇಶನ್‌ನಲ್ಲಿ ಇಂಪ್ಲಾಂಟ್‌ನ ಸ್ಟಿಕ್ಕರ್ ಮತ್ತು ಇನ್‌ವಾಯ್ಸ್ ಲಗತ್ತಿಸದೆ ಹೀಗಾಗುವುದುಂಟು. ಪ್ಲೇಟ್‌ನ ಡಬ್ಬಿಯ ಮೇಲಿರುವ ಬಾರ್‌ಕೋಡ್ ಸ್ಟಿಕ್ಕರನ್ನು ಥಿಯೇಟರಿನವರು ಕೇಸ್ ಶೀಟಿಗೆ ಅಂಟಿಸಿರುತ್ತಾರೆ. ಅದರ ಪ್ರತಿ ಹೋಗಿದೆಯೇ ಎಂದು ಇನ್ಶೂರೆನ್ಸ್ ಡೆಸ್ಕಿನವರನ್ನು ಕೇಳಿ. ಬಿದ್ದು ಆದ ಗಾಯವಾದರೆ ಹೇಗೆ ಬಿದ್ದದ್ದು ಎಂಬ ವಿವರಣೆಯನ್ನೂ ಕೇಳುತ್ತಾರೆ. ಅದನ್ನು ಮೊದಲ ದಿನವೇ ಬರೆದುಕೊಟ್ಟರೆ ಕೊನೆಯ ದಿನ ಕಾಯುವುದು ತಪ್ಪುತ್ತದೆ.

2. ಎರಡು ಕಾಗದ ಕೈಗೆ ತೆಗೆದುಕೊಳ್ಳಿ. ಒಂದು ಸಾಲುವಾರು ಬಿಲ್, ಅಂದರೆ ಬ್ರೇಕಪ್. ಒಂದೇ ಪುಟದ ಒಟ್ಟು ಬಿಲ್ ಸಾಲದು, ಫಾರ್ಮಸಿಯ ದಿನವಾರು ಬಿಲ್ಲುಗಳೂ ಅದರ ಜೊತೆಗಿರಬೇಕು. ಇನ್ನೊಂದು ಅಂತಿಮ ಅಪ್ರೂವಲ್ ಪತ್ರ. ಅದರಲ್ಲಿ ಒಟ್ಟು ಬಿಲ್, ಇತರ ಕಡಿತಗಳು, ಡಿಸ್ಕೌಂಟ್, ಕೋ-ಪೇ, ಒಪ್ಪಿದ ಮೊತ್ತ, ರೋಗಿ ಕೊಡಬೇಕಾದ ಮೊತ್ತ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಕೌಂಟರಿನಲ್ಲಿ ಬಾಯಲ್ಲಿ ಹೇಳುವ ಬಾಕಿಯೂ ಪತ್ರದ ಕೊನೆಯ ಸಾಲಿನ ಮೊತ್ತವೂ ಒಂದೇ ಇರಬೇಕು. ಡಿಸ್ಕೌಂಟ್ ಎಂಬುದು ಆಸ್ಪತ್ರೆ ಕಂಪೆನಿಗೆ ಒಪ್ಪಿಕೊಂಡ ರಿಯಾಯಿತಿ. ಅದನ್ನು ನಿಮ್ಮಿಂದ ವಸೂಲು ಮಾಡುವಂತಿಲ್ಲ. ಪ್ಯಾಕೇಜ್ ದರಕ್ಕೆ ಒಪ್ಪಿಗೆಯಾಗಿದ್ದರೆ ಅದಕ್ಕಿಂತ ಹೆಚ್ಚಿನದ್ದನ್ನೂ ಕೇಳುವಂತಿಲ್ಲ, ನೀವಾಗಿ ದೊಡ್ಡ ರೂಮ್ ತೆಗೆದುಕೊಂಡಂಥ ಕಾರಣವಿಲ್ಲದಿದ್ದರೆ. ಈ ಷರತ್ತು ಅಪ್ರೂವಲ್ ಪತ್ರದಲ್ಲೇ, ಸಾಮಾನ್ಯವಾಗಿ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಓದಿ ತೋರಿಸಿ.

3. ಪೆನ್ನು ಹಿಡಿದು ಸಾಲುಗಳನ್ನು ಗುಂಪು ಮಾಡಿ. ನಮ್ಮ ಬಿಲ್ ಹೀಗಿದೆ ಎಂದುಕೊಳ್ಳಿ.

ರೂಮ್ ಬಾಡಿಗೆ: 16,000
ಸರ್ಜನ್, ಅರಿವಳಿಕೆ, ಥಿಯೇಟರ್, ವಿಸಿಟ್, ನರ್ಸಿಂಗ್: 60,000
ಪ್ಲೇಟ್ ಮತ್ತು ಸ್ಕ್ರೂ: 35,000
ಮದ್ದು ಮತ್ತು ಸಾಮಗ್ರಿ: 22,000
ಲ್ಯಾಬ್, ಎಕ್ಸ್‌ರೇ: 7,000
ರಿಜಿಸ್ಟ್ರೇಶನ್, ಫೈಲ್, ಡಾಕ್ಯುಮೆಂಟೇಶನ್: 1,000

ಮೇಲಿನಿಂದ ಕೆಳಗೆ ಬನ್ನಿ. ರೂಮಿಗೆ ಸಿಗಬೇಕಾದ್ದು 12,000, ಹಾಗಾಗಿ 4,000 ನಿಮ್ಮದು. 60,000ದ ಫೀಸುಗಳಲ್ಲಿ ಮುಕ್ಕಾಲು ಎಂದರೆ 45,000 ಸಿಗುತ್ತದೆ, 15,000 ನಿಮ್ಮದು. ಪ್ಲೇಟ್, ಸ್ಕ್ರೂ ಪೂರ್ತಿ ಸಿಗಬೇಕು. ಮದ್ದಿನ ಬಿಲ್ಲಿನಲ್ಲಿ ಗ್ಲೌಸ್, ಡಯಾಪರ್, ಕ್ರೇಪ್ ಬ್ಯಾಂಡೇಜ್, ಮೊಣಕಾಲಿನ ಇಮೊಬಿಲೈಸರ್ ಎಲ್ಲ ಸೇರಿ 2,800 ಇದೆ ಎನ್ನೋಣ, ಅದು ನಿಮ್ಮದು. ಉಳಿದ 19,200 ಸಿಗಬೇಕು. ಲ್ಯಾಬ್ ಪೂರ್ತಿ ಸಿಗಬೇಕು. ಕೊನೆಯ 1,000 ಬೇರೆ ಬಾಬ್ತುಗಳೊಳಗೆ ಸೇರಿದ್ದು, ಅದನ್ನು ಆಸ್ಪತ್ರೆಯವರೊಂದಿಗೆ ಮಾತಾಡಬೇಕು.

ಹೀಗೆ ನೋಡಿದರೆ ಒಪ್ಪಿಗೆ 1,18,200 ಬರಬೇಕಿತ್ತು. ಬಂದದ್ದು 1,02,900. ವ್ಯತ್ಯಾಸ 15,300. ಇದು ಎಲ್ಲಿಂದ ಬಂತು? ಪ್ಲೇಟ್, ಮದ್ದು, ಲ್ಯಾಬ್ ಮೂರರ ಮೇಲೂ ಕಾಲು ಪಾಲು ಕಡಿದಿದ್ದಾರೆ: 8,750, 4,800 ಮತ್ತು 1,750. ಕೂಡಿಸಿದರೆ ಸರಿಯಾಗಿ 15,300. ಇಡೀ ಬಿಲ್ಲಿಗೇ ಮುಕ್ಕಾಲಿನ ಲೆಕ್ಕ ಹಾಕಿಬಿಟ್ಟಿದ್ದಾರೆ. ಈಗ 38,100 ಬಿಡಿಸಿಕೊಂಡಿತು: ನಿಮ್ಮದು 21,800, ಆಸ್ಪತ್ರೆಯೊಂದಿಗೆ ಮಾತಾಡಬೇಕಾದ್ದು 1,000, ವಿಮಾ ಕಂಪೆನಿಯಿಂದ ಬರಬೇಕಾದ್ದು 15,300.

4. ರೂಮಿನ ದರಪಟ್ಟಿ ನೋಡಿ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಎಂದರೆ ಎಲ್ಲರೂ ಹೇಳುವ ಕೆಪಿಎಂಇ ಕಾಯ್ದೆಯ ಪ್ರಕಾರ ಆಸ್ಪತ್ರೆ ತನ್ನ ದರಗಳನ್ನು ಪ್ರದರ್ಶಿಸಬೇಕು. ಥಿಯೇಟರ್ ಚಾರ್ಜ್ ಅಥವಾ ಸರ್ಜನ್ ಫೀಸ್ ಜನರಲ್ ವಾರ್ಡಿಗೂ ಸ್ಪೆಷಲ್ ರೂಮಿಗೂ ಒಂದೇ ಆಗಿದ್ದರೆ ಮೇಲೆ 'ನಿಮ್ಮದು' ಎಂದು ಬರೆದ 15,000ವೂ ಚರ್ಚೆಗೆ ಬರುತ್ತದೆ. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಇದನ್ನು ಕೇಳಿ ನೋಡುವುದು ತುಂಬಾ ಮುಖ್ಯ. 'ನಮ್ಮಲ್ಲಿ ಈ ಬಾಬ್ತಿನ ದರ ರೂಮಿಗೆ ತಕ್ಕಂತೆ ಬದಲಾಗುವುದಿಲ್ಲ' ಎಂದು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಸೀಲು ಹಾಕಿಸಿಕೊಳ್ಳಿ. ಆ ಒಂದು ಪುಟಕ್ಕೆ ಇಡೀ ಕಡತದಲ್ಲಿ ಹೆಚ್ಚಿನ ಬೆಲೆ.

5. ಡೆಸ್ಕಿನವರಿಂದಲೇ ಮರುಪರಿಶೀಲನೆ ಕೇಳಿಸಿ. ಅವರು ಕಂಪೆನಿಯ ಪೋರ್ಟಲ್‌ನಲ್ಲಿ ಬರೆಯುವುದಕ್ಕೂ ನೀವು ಟೋಲ್‌ಫ್ರೀಗೆ ಫೋನ್ ಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. 'ಪ್ಲೇಟ್, ಫಾರ್ಮಸಿ, ಲ್ಯಾಬ್ ಮೇಲಿನ ಪ್ರೊಪೋರ್ಷನೇಟ್ ಡಿಡಕ್ಷನ್ ತೆಗೆಯಬೇಕು' ಎಂದು ಸಾಲು, ಮೊತ್ತ ಹೆಸರಿಸಿ ಕೇಳಿದರೆ ಉತ್ತರವೂ ಅದಕ್ಕೇ ಬರುತ್ತದೆ. 'ಕಡಿಮೆ ಬಂದಿದೆ, ಹೆಚ್ಚು ಮಾಡಿ' ಎಂದರೆ ಮೊದಲಿನ ಪತ್ರವೇ ಇನ್ನೊಮ್ಮೆ ಬರುತ್ತದೆ.

ಕಾಯುವ ಹೊತ್ತಿನ ಬಗ್ಗೆಯೂ ನಿಯಮ ಇದೆ. ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯ ಪ್ರಕಾರ ಮೊದಲ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ ಕಂಪೆನಿ ಉತ್ತರಿಸಬೇಕು. ಮೂರು ಗಂಟೆ ಮೀರಿ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದರೆ ಅದನ್ನು ಕಂಪೆನಿಯೇ ಭರಿಸಬೇಕು. ಆದ್ದರಿಂದ ಆಸ್ಪತ್ರೆ ಅಂತಿಮ ಬಿಲ್ ಎಷ್ಟು ಗಂಟೆಗೆ ಕಳಿಸಿತು ಎಂದು ಕೇಳಿ ಬರೆದುಕೊಳ್ಳಿ. ಡಾಕ್ಟ್ರು ಡಿಸ್ಚಾರ್ಜ್ ಹೇಳಿದ ಹೊತ್ತಿನಿಂದ ಈ ಮೂರು ಗಂಟೆಯನ್ನು ಎಣಿಸುವುದಿಲ್ಲ. ಫಾರ್ಮಸಿ ಕ್ಲಿಯರೆನ್ಸ್, ಸಮರಿ ಟೈಪ್ ಮಾಡುವುದು, ಸಹಿ ಎಂದು ಆಸ್ಪತ್ರೆಯೊಳಗೇ ಅರ್ಧ ದಿನ ಹೋಗುವುದೂ ಉಂಟು.

6. ಮನೆಗೆ ಹೋಗಲೇಬೇಕಾಗಿ ಪೂರ್ತಿ ಬಾಕಿ ಕಟ್ಟುವುದಾದರೆ ರಸೀದಿಯಲ್ಲಿ ಮೊತ್ತವನ್ನು ಒಡೆದು ಬರೆಸಿ. ಯಾವ ಸಾಲುಗಳ ಕಡಿತಕ್ಕೆ ನಿಮ್ಮ ಒಪ್ಪಿಗೆ ಇಲ್ಲ ಎಂದು ಬಿಲ್ಲಿನ ಪ್ರತಿಯಲ್ಲಿ ಬರೆದು ದಿನಾಂಕ ಹಾಕಿಡಿ. ಕ್ಯಾಶ್‌ಲೆಸ್‌ನಲ್ಲಿ ಸಿಗದ ವ್ಯತ್ಯಾಸವನ್ನು ಆಮೇಲೆ ಮರುಪಾವತಿಯಾಗಿ ಕೇಳಲು ದಾರಿ ಇದೆ. ದುಡ್ಡು ಕಟ್ಟಿದ ಮಾತ್ರಕ್ಕೆ ಅದು ಮುಚ್ಚುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮದ್ದು ವಾಪಸು ಕೊಟ್ಟದ್ದನ್ನು ತಾಳೆ ನೋಡದಿರುವುದು. ವಾರ್ಡಿನಿಂದ ಬಳಕೆಯಾಗದ ಇಂಜೆಕ್ಷನ್, ಸಲೈನ್ ಬಾಟಲಿ ಫಾರ್ಮಸಿಗೆ ವಾಪಸು ಹೋಗುತ್ತವೆ. ಅದರ ರಿಟರ್ನ್ ಸ್ಲಿಪ್‌ನ ಮೊತ್ತ ಅಂತಿಮ ಬಿಲ್ಲಿನಲ್ಲಿ ಕಳೆದಿದೆಯೇ ಎಂದು ನೋಡುವವರು ಕಡಿಮೆ. ಕೊನೆಯ ದಿನ ವಾಪಸು ಹೋದದ್ದು ಕೆಲವೊಮ್ಮೆ ಬಿಲ್ಲಿಗೆ ಏರಿರುವುದಿಲ್ಲ.

'ಆರ್ಥೋ ಕಿಟ್' ಎಂಬ ಒಂದೇ ಸಾಲನ್ನು ಒಪ್ಪಿಕೊಳ್ಳುವುದು. ಒಳಗೇನಿದೆ ಎಂದು ಬರೆಯದ ಕಿಟ್‌ಗೆ ವಿಮೆ ಸಿಗುವುದಿಲ್ಲ, ಮೊದಲ ಪಟ್ಟಿಯಲ್ಲೇ ಅದು ಇದೆ. ಬಿಡಿಸಿ ಬರೆದರೆ ಒಳಗಿನ ಹಲವು ಸಾಮಾನುಗಳಿಗೆ ಸಿಗುತ್ತದೆ. ಹಾಗಾಗಿ ಕಿಟ್ ಕಂಡಲ್ಲೆಲ್ಲ ಬ್ರೇಕಪ್ ಕೇಳಿ.

ಜನರಲ್ ವಾರ್ಡ್ ಭರ್ತಿಯಾಗಿದೆ ಎಂದು ದೊಡ್ಡ ರೂಮಿಗೆ ಹಾಕಿದಾಗ ಕಾಗದ ತೆಗೆದುಕೊಳ್ಳದಿರುವುದು. ಡೆಂಗಿ, ಇಲಿಜ್ವರದ ತಿಂಗಳುಗಳಲ್ಲಿ ಇದು ನಡೆಯುತ್ತದೆ. ಅರ್ಹತೆಯ ರೂಮ್ ಖಾಲಿ ಇರಲಿಲ್ಲ ಎಂಬ ಪತ್ರ ಇದ್ದರೆ ಕಂಪೆನಿ ಒಪ್ಪಲೇಬೇಕೆಂದೇನಿಲ್ಲ, ಆದರೆ ಪತ್ರವಿಲ್ಲದಿದ್ದರೆ ಮಾತಾಡಲು ಆಧಾರವೇ ಇರುವುದಿಲ್ಲ. ವಾರ್ಡ್ ಖಾಲಿಯಾದ ದಿನವೇ ಬದಲಿಸಿ ಕೊಡಿ ಎಂದು ಕೇಳಿಡಿ.

ಕೌಂಟರಿನ ಹುಡುಗಿಯ ಮೇಲೆ ರೇಗುವುದು. ದರ ನಿಗದಿ ಮಾಡಿದವರು ಅವರಲ್ಲ, ಕಡಿತ ಮಾಡಿದವರೂ ಅಲ್ಲ. ಪೋರ್ಟಲ್‌ನಲ್ಲಿ ನಿಮ್ಮ ಪರವಾಗಿ ಬರೆಯುವವರು ಮಾತ್ರ ಅವರೇ.

ಇನ್ನೊಂದು ಪಾಲಿಸಿಯನ್ನು ಮರೆಯುವುದು. ನಮ್ಮ ಊರುಗಳಲ್ಲಿ ಸ್ವಸಹಾಯ ಸಂಘದ ಮೂಲಕವೋ ಬ್ಯಾಂಕಿನ ಮೂಲಕವೋ ಒಂದು ಗುಂಪು ಪಾಲಿಸಿ, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೆ ಅವನ ಕಂಪೆನಿಯ ಪಾಲಿಸಿಯಲ್ಲಿ ತಂದೆತಾಯಿಯ ಹೆಸರು, ಹೀಗೆ ಎರಡು ಇರುವುದುಂಟು. ಒಂದರಲ್ಲಿ ನಿರಾಕರಿಸಿದ ಮೊತ್ತವನ್ನು ಇನ್ನೊಂದರಲ್ಲಿ ಅದರ ಷರತ್ತಿನಂತೆ ಕೇಳಬಹುದು. ಮೊದಲನೆಯ ಕಂಪೆನಿಯ ಸೆಟ್ಲ್‌ಮೆಂಟ್ ಪತ್ರ ಮತ್ತು ಬಿಲ್ಲುಗಳ ದೃಢೀಕೃತ ಪ್ರತಿ ಬೇಕು. ರೂಮಿನ ಮಿತಿ ಇಲ್ಲದ ಪಾಲಿಸಿ ಎರಡನೆಯದಾಗಿದ್ದರೆ ಮೇಲಿನ ಲೆಕ್ಕದ 19,000 ಅಲ್ಲಿಂದ ಸಿಗಲು ಅವಕಾಶವಿದೆ.

ಎಚ್ಚರಿಕೆ

ಖಾಲಿ ಫಾರ್ಮಿಗೆ, 'ಎಲ್ಲ ಕಡಿತಕ್ಕೂ ಒಪ್ಪಿಗೆ ಇದೆ' ಎಂಬ ಒಕ್ಕಣೆಗೆ ಅವಸರದಲ್ಲಿ ಸಹಿ ಮಾಡಬೇಡಿ. ಬಿದ್ದ ಬಗೆಯನ್ನು, ಮೊದಲಿದ್ದ ಕಾಯಿಲೆಯನ್ನು ವಿಮೆಗಾಗಿ ತಿರುಚಿ ಹೇಳಬೇಡಿ. ಕೇಸ್ ಶೀಟಿನಲ್ಲಿ ಒಂದು, ಫಾರ್ಮಿನಲ್ಲಿ ಇನ್ನೊಂದು ಇದ್ದರೆ ಕಡಿತದ ಪ್ರಶ್ನೆ ಹೋಗಿ ಇಡೀ ಕ್ಲೇಮ್ ತಿರಸ್ಕಾರವಾಗಬಹುದು.

ಮನೆಗೆ ಬಂದ ಮೇಲೆ

ಕಂಪೆನಿ ಭಾಗಶಃ ಕಡಿದರೂ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ತಿಳಿಸಬೇಕು. ಅದನ್ನು ಕೇಳಿ ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿ. ಒಂದು ಪುಟ ಸಾಕು, ಪ್ಲೇಟ್, ಮದ್ದು, ಲ್ಯಾಬ್‌ನ ಮೂರು ಸಾಲು ಮತ್ತು 15,300ರ ಲೆಕ್ಕ ಇರಲಿ. ಪ್ರಾಧಿಕಾರದ bimabharosa.irdai.gov.in ತಾಣದಲ್ಲಿ ಅಥವಾ 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಕಂಪೆನಿಯ ನಿರಾಕರಣೆ ಬಂದ ಒಂದು ವರ್ಷದೊಳಗೆ ಬರೆಯಬೇಕು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವಿವಾದ ಅಲ್ಲಿ ನಡೆಯುತ್ತದೆ. cioins.co.in ಮೂಲಕ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಕರ್ನಾಟಕಕ್ಕೆ ಬೆಂಗಳೂರಿನ ಕಚೇರಿ. ಪುತ್ತೂರು, ಸುಳ್ಯದ ಆಸ್ಪತ್ರೆಗಳಿಗೆ ಕಾಸರಗೋಡಿನ ಗಡಿಯೂರುಗಳಿಂದಲೂ ಬಹಳ ಜನ ಬರುತ್ತಾರೆ. ಯಾವ ಕಚೇರಿಗೆ ಬರೆಯಬೇಕು ಎಂಬುದಕ್ಕೆ ಆಸ್ಪತ್ರೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಮನೆಯ ವಿಳಾಸ ಅಥವಾ ಪಾಲಿಸಿ ಕೊಟ್ಟ ಶಾಖೆ ಎಲ್ಲಿದೆ ಎಂಬುದೇ ಮುಖ್ಯ. ಮನೆ ಕೇರಳದಲ್ಲಿದ್ದರೆ ಕೊಚ್ಚಿಯ ಕಚೇರಿಗೆ ಬರೆಯಬಹುದು.

ಆಸ್ಪತ್ರೆಯ ಪಾಲಿನ ಸಾವಿರ ರೂಪಾಯಿಗೆ ಮೊದಲು ಆಸ್ಪತ್ರೆಯ ಆಡಳಿತಕ್ಕೇ ಬರೆದು ಕೊಡಿ, ಸಾಮಾನ್ಯವಾಗಿ ಅಲ್ಲೇ ಮುಗಿಯುತ್ತದೆ. ಬ್ರೇಕಪ್ ಕೊಡಲು ನಿರಾಕರಿಸಿದರೆ ಅಥವಾ ಪ್ರದರ್ಶಿಸಿದ ದರಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ಕೆಪಿಎಂಇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ಮಂಗಳೂರಿನಲ್ಲಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ದೂರು ಕೊಡಬಹುದು.

ಇದೆಲ್ಲದರ ನಡುವೆ ಫಿಸಿಯೋಥೆರಪಿ, ಹೊಲಿಗೆ ತೆಗೆಯುವ ದಿನದ ಎಕ್ಸ್‌ರೇ, ಮನೆಗೆ ಕೊಂಡ ಮದ್ದಿನ ಮೂಲ ಬಿಲ್ಲುಗಳನ್ನು ಡಾಕ್ಟರ ಚೀಟಿಯ ಜೊತೆ ಒಂದೇ ಲಕೋಟೆಯಲ್ಲಿ ಹಾಕುತ್ತಾ ಬನ್ನಿ. ಡಿಸ್ಚಾರ್ಜ್ ನಂತರದ ಖರ್ಚಿಗೆ ಹೆಚ್ಚಿನ ಪಾಲಿಸಿಗಳಲ್ಲಿ 60 ದಿನವೋ ಅದಕ್ಕಿಂತ ಹೆಚ್ಚೋ ಅವಕಾಶ ಇರುತ್ತದೆ. ಅಡ್ಮಿಶನ್‌ಗೆ ಮೊದಲಿನ ಪರೀಕ್ಷೆಗಳಿಗೂ ಸಾಮಾನ್ಯವಾಗಿ 30 ದಿನ. ಇದು ಕ್ಯಾಶ್‌ಲೆಸ್ ಬಿಲ್ಲಿನಲ್ಲಿ ಬರುವುದೇ ಇಲ್ಲ, ಪ್ರತ್ಯೇಕ ಫಾರ್ಮ್ ತುಂಬಿ ಪಾಲಿಸಿಯಲ್ಲಿ ಹೇಳಿದ ಗಡುವಿನೊಳಗೆ ಕಳಿಸಬೇಕು.